ರೇಶಿಯೊ ಯಾವುದು, ಒಬಿಟರ್ ಯಾವುದು: ಗುರ್ನಾಮ್ ಕೌರ್ ಪ್ರಕರಣ ಹಿಡಿದು ಒಂದು ಟಿಪ್ಪಣಿ

ಕಾನೂನು ಓದಲು ಶುರು ಮಾಡಿದಾಗ ನಾನು ತೀರ್ಪಿನಲ್ಲಿ ಚೆನ್ನಾಗಿ ಕೇಳಿಸುವ ಸಾಲಿಗೆಲ್ಲ ಹೈಲೈಟರ್ ಬಳಿಯುತ್ತಿದ್ದೆ. ಪುಟವೆಲ್ಲ ಹಳದಿ. ಆದರೆ ಮುಂದಿನ ಕೋರ್ಟನ್ನು ಕಟ್ಟಿಹಾಕುವ ಸಾಲು ಎಷ್ಟೋ ಸಲ ಬಣ್ಣವಿಲ್ಲದೆ ಉಳಿದಿರುತ್ತಿತ್ತು. ಸುಪ್ರೀಂ ಕೋರ್ಟ್ ಬರೆದ ಮಾತೆಲ್ಲ ಕಾನೂನು ಅಂದುಕೊಂಡಿದ್ದೆ. ಹಾಗಲ್ಲ ಎಂದು ನನಗೆ ಮನವರಿಕೆಯಾಗಿದ್ದು ದೆಹಲಿಯ ಫುಟ್‌ಪಾತ್ ಅಂಗಡಿಯ ಒಂದು ಪ್ರಕರಣ ಓದಿದ ಮೇಲೆ.

ಮೊದಲು ಎರಡು ಪದ. ಪ್ರಕರಣದ ಮುಖ್ಯ ಸಂಗತಿಗಳ ಮೇಲೆ ನಿಂತು, ತೀರ್ಮಾನಕ್ಕೆ ಬರಲು ಕೋರ್ಟಿಗೆ ಬೇಕೇ ಬೇಕಾದ ಕಾನೂನಿನ ಕಾರಣವೇ ರೇಶಿಯೊ ಡಿಸಿಡೆಂಡೈ. ಆ ತೀರ್ಮಾನಕ್ಕೆ ಬೇಕಿರದಿದ್ದರೂ ನ್ಯಾಯಮೂರ್ತಿಗಳು ದಾರಿಯಲ್ಲಿ ಹೇಳಿದ ಮಾತು ಒಬಿಟರ್ ಡಿಕ್ಟಾ. ಫುಟ್‌ಪಾತ್ ಒತ್ತುವರಿಯ ಕೇಸಿನಲ್ಲಿ ‘ಪಾಲಿಕೆ ವ್ಯಾಪಾರಿಗಳಿಗೆ ಬೇರೆ ಜಾಗ ಹುಡುಕಿದ್ದರೆ ಚೆನ್ನಾಗಿತ್ತು’ ಎಂದು ಬರೆದರು ಅನ್ನಿ. ಕಳಕಳಿಯ ಮಾತು, ನಿಜ. ಆದರೆ ಒತ್ತುವರಿ ತೆಗೆಯಬಹುದೇ ಎಂಬ ಪ್ರಶ್ನೆಗೆ ಅದು ಉತ್ತರ ಅಲ್ಲ. ಅದು ಒಬಿಟರ್.

ಈಗ ದೆಹಲಿಗೆ ಬರೋಣ. ಇರ್ವಿನ್ ಆಸ್ಪತ್ರೆಯ ಮುಖ್ಯ ಗೇಟಿನ ಬಳಿ ಗುರ್ನಾಮ್ ಕೌರ್ ಫುಟ್‌ಪಾತ್ ಮೇಲೆ ವ್ಯಾಪಾರ ಮಾಡುತ್ತಿದ್ದರು. ಪಾಲಿಕೆ ಅಂಗಡಿ ತೆರವು ಮಾಡಿತು. ಅವರು ಹೈಕೋರ್ಟಿಗೆ ಹೋದರು. ಅಲ್ಲಿ ತೀರ್ಪು ಬರುವ ಮೊದಲೇ, 1985ರಲ್ಲಿ, ಜಮ್ನಾ ದಾಸ್ ಎಂಬ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಫುಟ್‌ಪಾತ್ ವ್ಯಾಪಾರಕ್ಕೆ ಅಂಗಡಿ ಕಟ್ಟಿಕೊಡಲು ಆದೇಶ ಕೊಟ್ಟಿತ್ತು. ಸುಪ್ರೀಂ ಕೋರ್ಟ್ ಹೇಳಿದೆಯಲ್ಲ, ನಾವು ಮೀರುವಂತಿಲ್ಲ ಎಂದು ದೆಹಲಿ ಹೈಕೋರ್ಟ್ ಗುರ್ನಾಮ್ ಕೌರ್ ಅವರಿಗೂ ಅದೇ ರೀತಿ ಅಂಗಡಿ ಕಟ್ಟಿಕೊಡಿ ಎಂದಿತು. ಪಾಲಿಕೆ ಮೇಲ್ಮನವಿ ಹಾಕಿತು. 1988ರಲ್ಲಿ ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನು ರದ್ದು ಮಾಡಿತು.

ವಿಚಿತ್ರ ಅಲ್ವಾ? ಹೈಕೋರ್ಟ್ ವಿಧೇಯವಾಗಿಯೇ ನಡೆದುಕೊಂಡಿತ್ತು. ಸಂವಿಧಾನದ 141ನೇ ವಿಧಿ ಹೇಳುವುದೂ ಅದನ್ನೇ: ಸುಪ್ರೀಂ ಕೋರ್ಟ್ ಘೋಷಿಸಿದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳನ್ನೂ ಕಟ್ಟುತ್ತದೆ. ಎಡವಿದ್ದು ‘ಘೋಷಿಸಿದ ಕಾನೂನು’ ಎಂಬ ಎರಡು ಪದಗಳಲ್ಲಿ. ಜಮ್ನಾ ದಾಸ್ ಆದೇಶದಲ್ಲಿ ಪರಿಹಾರ ಇತ್ತು, ಕಾನೂನು ಇರಲಿಲ್ಲ. ಅದು ಎರಡೂ ಕಡೆಯವರ ಒಪ್ಪಿಗೆಯಿಂದ ಆದ ಆದೇಶ. ಇದನ್ನು ಪೂರ್ವನಿರ್ಣಯವಾಗಿ, ಅಂದರೆ ಮುಂದಿನ ಕೇಸುಗಳಿಗೆ ಮಾದರಿಯಾಗಿ, ಬಳಸಬಾರದು ಎಂಬ ಷರತ್ತೂ ಅದಕ್ಕಿತ್ತು. ಜೊತೆಗೆ ಅಲ್ಲಿ ವಾದ ನಡೆದಿರಲಿಲ್ಲ. ಸಾರ್ವಜನಿಕ ಬೀದಿಯಿಂದ ಒತ್ತುವರಿ ತೆಗೆಯಲು 1957ರ ದೆಹಲಿ ಪಾಲಿಕೆ ಕಾಯಿದೆ ನೇರವಾಗಿಯೇ ಅಧಿಕಾರ ಕೊಡುತ್ತದೆ. 320 ಮತ್ತು 322ನೇ ಸೆಕ್ಷನ್ ನೋಡಿ. ಅವುಗಳ ಹೆಸರೂ ಆ ಆದೇಶದಲ್ಲಿ ಇರಲಿಲ್ಲ.

ಹೀಗೆ ಒಂದು ಕಾನೂನಿನ ಅಂಶ ಕೋರ್ಟಿನ ಗಮನಕ್ಕೇ ಬಾರದೆ ಪ್ರಕರಣ ಮುಗಿದು ಹೋದರೆ, ಆ ಅಂಶ ಸಬ್ ಸೈಲೆನ್ಷಿಯೊ ದಾಟಿತು ಅನ್ನುತ್ತಾರೆ. ಸದ್ದಿಲ್ಲದೆ ದಾಟಿತು ಎಂದು ಅರ್ಥ. ಅಂಥ ಅಂಶಕ್ಕೆ ಆ ತೀರ್ಪು ಪೂರ್ವನಿರ್ಣಯ ಆಗುವುದಿಲ್ಲ.

ಇಲ್ಲಿ ಒಂದು ವ್ಯತ್ಯಾಸ ಹಿಡಿದುಕೊಳ್ಳಿ. ಜಮ್ನಾ ದಾಸ್ ಆದೇಶ ಆ ಕೇಸಿನ ಕಕ್ಷಿಗಾರರನ್ನು ಪೂರ್ತಿ ಕಟ್ಟುತ್ತದೆ. ಅದನ್ನು ಯಾರೂ ರದ್ದು ಮಾಡಲಿಲ್ಲ. ಕಕ್ಷಿಗಾರರನ್ನು ಕಟ್ಟುವುದು ಆದೇಶ, ಮುಂದಿನ ಕೋರ್ಟನ್ನು ಕಟ್ಟುವುದು ಕಾರಣ. ಕೇಸಿನಲ್ಲಿ ಗೆದ್ದವರು ಯಾರು ಎಂದು ನೋಡಿ ಅದನ್ನೇ ರೇಶಿಯೊ ಎಂದು ಬರೆಯುವವರು ತಪ್ಪುವುದು ಇಲ್ಲೇ.

ಹಾಗಾದರೆ ರೇಶಿಯೊ ಹುಡುಕುವುದು ಹೇಗೆ? ಹಳೆಯ ಒಂದು ಉಪಾಯ ಇದೆ, ಅಮೆರಿಕದ ಕಾನೂನು ಪ್ರಾಧ್ಯಾಪಕ ವ್ಯಾಂಬೋ ಹೇಳಿದ್ದು. ತೀರ್ಪಿನಲ್ಲಿ ಕಾನೂನು ಹೇಳುವ ಒಂದು ವಾಕ್ಯ ಆರಿಸಿ. ಅದನ್ನು ತಿರುಗಿಸಿ ಬರೆಯಿರಿ. ತಿರುಗಿಸಿದ ಮೇಲೂ ಫಲಿತಾಂಶ ಅದೇ ಬರುತ್ತದೆಯೇ? ಬಂದರೆ ಆ ವಾಕ್ಯ ಒಬಿಟರ್. ಫಲಿತಾಂಶ ಮಗುಚಿಕೊಂಡರೆ ಅದು ರೇಶಿಯೊ ಆಗಿರಬಹುದು. ‘ಬೇರೆ ಜಾಗ ಹುಡುಕಿದ್ದರೆ ಚೆನ್ನಾಗಿತ್ತು’ ಎಂಬುದನ್ನು ‘ಹುಡುಕಬೇಕಾಗಿಲ್ಲ’ ಎಂದು ತಿರುಗಿಸಿ. ಪಾಲಿಕೆ ಆಗಲೂ ಗೆಲ್ಲುತ್ತದೆ. ಸರಿ, ಒಬಿಟರ್.

ಈಗ ಗುರ್ನಾಮ್ ಕೌರ್ ತೀರ್ಪಿನ ಮೇಲೆಯೇ ಇದನ್ನು ಹಚ್ಚಿ ನೋಡಿ. ‘ಒಪ್ಪಿಗೆಯ ಆದೇಶ ಪೂರ್ವನಿರ್ಣಯ ಅಲ್ಲ’ ಎಂಬುದನ್ನು ‘ಹೌದು’ ಎಂದು ತಿರುಗಿಸಿದೆವು ಅನ್ನಿ. ಆಗಲೂ ಸಬ್ ಸೈಲೆನ್ಷಿಯೊ ಎಂಬ ಇನ್ನೊಂದು ಕಾರಣ ನಿಂತಿರುತ್ತದೆ, ಪಾಲಿಕೆಯೇ ಗೆಲ್ಲುತ್ತದೆ. ಸಬ್ ಸೈಲೆನ್ಷಿಯೊ ಕಾರಣವನ್ನು ಮಾತ್ರ ತಿರುಗಿಸಿದರೆ ಒಪ್ಪಿಗೆಯ ಕಾರಣ ನಿಂತಿರುತ್ತದೆ. ಉಪಾಯವನ್ನೇ ನಂಬಿದರೆ ಎರಡೂ ಒಬಿಟರ್! ತೀರ್ಪಿನಲ್ಲಿ ರೇಶಿಯೊನೇ ಇಲ್ಲ ಎಂದಾಗುತ್ತದೆ. ಇದು ಉಪಾಯದ ದೋಷ, ತೀರ್ಪಿನದಲ್ಲ. ಒಂದೇ ತೀರ್ಮಾನಕ್ಕೆ ಎರಡು ಸ್ವತಂತ್ರ ಕಾರಣಗಳನ್ನು ಕೋರ್ಟ್ ಕೊಟ್ಟಾಗ, ಎರಡನ್ನೂ ರೇಶಿಯೊ ಎಂದೇ ಓದುವುದು ರೂಢಿ. ಪರೀಕ್ಷೆಯಲ್ಲಿ ವ್ಯಾಂಬೋ ಬರೆಯುವವರು ಈ ಮಿತಿಯನ್ನೂ ಬರೆಯಿರಿ. ಜಾಸ್ತಿ ಜನ ಬಿಟ್ಟುಬಿಡುತ್ತಾರೆ.

ಇನ್ನು ಕೆಳಗಿನ ಕೋರ್ಟುಗಳ ಮಾತು. ತುಮಕೂರಿನ ಸಿವಿಲ್ ನ್ಯಾಯಾಧೀಶರನ್ನು ಸುಪ್ರೀಂ ಕೋರ್ಟ್ ಮತ್ತು ಕರ್ನಾಟಕ ಹೈಕೋರ್ಟಿನ ರೇಶಿಯೊ ಕಟ್ಟುತ್ತದೆ. ಮದ್ರಾಸ್ ಹೈಕೋರ್ಟಿನದು ಒಪ್ಪಬಹುದಾದ ಮಾತು, ಅಷ್ಟೆ. ಹೈಕೋರ್ಟಿನ ಒಳಗೂ ಮೆಟ್ಟಿಲಿದೆ: ಏಕಸದಸ್ಯ ಪೀಠ ಇಬ್ಬರು ನ್ಯಾಯಮೂರ್ತಿಗಳ ವಿಭಾಗೀಯ ಪೀಠಕ್ಕೆ ಬದ್ಧ. ಸಮಾನ ಸಂಖ್ಯೆಯ ಪೀಠಕ್ಕೆ ಹಿಂದಿನ ತೀರ್ಪು ಸರಿ ಅನಿಸದಿದ್ದರೆ ತಾನೇ ತಳ್ಳಿಹಾಕುವಂತಿಲ್ಲ, ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಬೇಕು. ಒಬಿಟರ್ ಯಾರನ್ನೂ ಹಾಗೆ ಕಟ್ಟುವುದಿಲ್ಲ. ಆದರೂ ಅದನ್ನು ಬರೆದದ್ದು ಸುಪ್ರೀಂ ಕೋರ್ಟ್ ಆಗಿದ್ದರೆ, ಚೆನ್ನಾಗಿ ಯೋಚಿಸಿ ಹೇಳಿದ ಮಾತಾಗಿದ್ದರೆ, ಹೈಕೋರ್ಟುಗಳು ಅದಕ್ಕೆ ತೂಕ ಕೊಡುತ್ತವೆ. ಸುಮ್ನೆ ‘ಇದು ಒಬಿಟರ್’ ಎಂದು ಬದಿಗಿಟ್ಟರೆ ನಡೆಯುವುದಿಲ್ಲ.

ಸಬ್ ಸೈಲೆನ್ಷಿಯೊ ಕಲಿತ ಉತ್ಸಾಹದಲ್ಲಿ ಇನ್ನೊಂದು ತಪ್ಪಾಗುತ್ತದೆ. ಬೇಡದ ತೀರ್ಪಿಗೆಲ್ಲ ‘ನನ್ನ ವಾದವನ್ನು ಅಲ್ಲಿ ಯಾರೂ ಮಂಡಿಸಿರಲಿಲ್ಲ’ ಎನ್ನುವ ಚಟ. 1963ರ ಸೋಮಾವಂತಿ ಪ್ರಕರಣ ಇದಕ್ಕೆ ಬಾಗಿಲು ಹಾಕಿದೆ. ಪ್ರಶ್ನೆಯನ್ನು ಸುಪ್ರೀಂ ಕೋರ್ಟ್ ನಿಜವಾಗಿ ತೀರ್ಮಾನಿಸಿದ್ದರೆ, ಯಾವುದೋ ಒಂದು ವಾದ ಅಲ್ಲಿ ಬಂದಿರಲಿಲ್ಲ ಎಂಬ ಕಾರಣಕ್ಕೆ ಅದರ ಬಂಧನ ಸಡಿಲವಾಗದು. ಜಮ್ನಾ ದಾಸ್‌ನಲ್ಲಿ ಪ್ರಶ್ನೆಯೇ ತೀರ್ಮಾನವಾಗಿರಲಿಲ್ಲ. ಎರಡರ ನಡುವಿನ ಗೆರೆ ಅದು.

ಕೊನೆಗೆ ಒಂದು ಊಹೆಯ ಕೇಸು. ಇವತ್ತು ಹುಬ್ಬಳ್ಳಿಯಲ್ಲಿ ತರಕಾರಿ ಗಾಡಿಯೊಂದನ್ನು ಎತ್ತಿಸಿದ ಪಾಲಿಕೆಯ ವಕೀಲರು ಗುರ್ನಾಮ್ ಕೌರ್ ತೀರ್ಪನ್ನು ತೋರಿಸುತ್ತಾರೆ. ನ್ಯಾಯಾಧೀಶರು ಎರಡು ತುಂಡು ಮಾಡಿ ಓದಬೇಕು. ಒಪ್ಪಿಗೆಯ ಆದೇಶ, ಸಬ್ ಸೈಲೆನ್ಷಿಯೊ: ಈ ಮಾತು ಎಲ್ಲ ಕಡೆಗೂ ಸಲ್ಲುತ್ತದೆ. ಫುಟ್‌ಪಾತ್ ಒತ್ತುವರಿಯನ್ನು ತೆಗೆಯುವ ಮಾತು ಮಾತ್ರ ದೆಹಲಿ ಕಾಯಿದೆಯ ಸೆಕ್ಷನ್‌ಗಳ ಮೇಲೆ ನಿಂತಿದೆ. ಅಲ್ಲಿಂದೀಚೆಗೆ ನೆಲವೂ ಬದಲಾಗಿದೆ. 1989ರಲ್ಲಿ ಸೋಡನ್ ಸಿಂಗ್ ಪ್ರಕರಣದ ಐವರ ಪೀಠ ಬೀದಿ ವ್ಯಾಪಾರಕ್ಕೆ ಮೂಲಭೂತ ಹಕ್ಕಿದೆ, ಆದರೆ ಇಂಥದ್ದೇ ಜಾಗದಲ್ಲಿ ಎಂಬ ಹಕ್ಕಿಲ್ಲ ಎಂದಿತು. 2014ರ ಬೀದಿ ವ್ಯಾಪಾರಿಗಳ ಕಾಯಿದೆ ಬಂದ ಮೇಲೆ, ಅದರ ಅಡಿಯಲ್ಲಿ ಬರುವ ವ್ಯಾಪಾರಿಯನ್ನು ಎಬ್ಬಿಸಲು 30 ದಿನಗಳ ನೋಟಿಸ್ ಬೇಕು. ಹಾಗಾಗಿ ಆ ಗಾಡಿಯವರಿಗೆ ನೋಟಿಸ್ ಸಿಕ್ಕಿತ್ತೇ ಎಂದು ನ್ಯಾಯಾಧೀಶರು ಮೊದಲು ಕೇಳುತ್ತಾರೆ, 1988ರ ತೀರ್ಪನ್ನು ಆಮೇಲೆ ಬಿಡಿಸುತ್ತಾರೆ.