ಸ್ವಯಂಪೂರ್ಣ ಅಡಿಬರಹ

ಚಿತ್ರದ ಕೆಳಗಿನ ಬರಹಕ್ಕೆ ನಾವು ಅಡಿಬರಹ ಎನ್ನುತ್ತೇವೆ. ಕೋಷ್ಟಕವನ್ನು ಮೇಲಿನಿಂದ ಕೆಳಕ್ಕೆ ಓದುವುದರಿಂದ ಅದರ ವಿವರ ಸಾಮಾನ್ಯವಾಗಿ ತಲೆಯ ಮೇಲೆ ಕೂರುತ್ತದೆ. ಅದಕ್ಕೆ ತಲೆಬರಹವೆನ್ನಬಹುದು. ಲೇಖನದ ಒಂದು ಸಾಲನ್ನೂ ಓದದವರಿಗೂ ಎದುರಿಗಿರುವ ಚಿತ್ರ ಏನು, ಎಲ್ಲಿಯದು, ಯಾವಾಗಿನದು, ಯಾವ ಅಳತೆಯಲ್ಲಿದೆ, ಅದರಲ್ಲಿನ ಗುರುತುಗಳಿಗೆ ಏನರ್ಥ ಎಂಬುದು ಅಲ್ಲಿಯೇ ತಿಳಿದರೆ, ಆ ಬರಹವನ್ನು ಸ್ವಯಂಪೂರ್ಣ ಎನ್ನುತ್ತಾರೆ. ಚಿತ್ರದಿಂದ ಏನನ್ನು ತಿಳಿಯಬೇಕು ಎಂಬ ಚರ್ಚೆ ಇದರಲ್ಲಿ ಸೇರುವುದಿಲ್ಲ. ಚಿತ್ರವನ್ನು ಓದಲು ಬೇಕಾದಷ್ಟು ಇದ್ದರೆ ಸಾಕು.

ಮುಂಬಯಿಯ ಕನ್ನಡ ಸಂಘವೊಂದರ ಸ್ಮರಣ ಸಂಚಿಕೆಯ ಕರಡು ತಿದ್ದುವಾಗ ಈ ಪದದ ತೂಕ ನನಗೆ ಸರಿಯಾಗಿ ತಿಳಿಯಿತು. 2005ರ ಜುಲೈ ಮಳೆಯ ಬಗ್ಗೆ ತರುಣ ಶಿಕ್ಷಕರೊಬ್ಬರು ಶ್ರಮಪಟ್ಟು ಲೇಖನ ಬರೆದಿದ್ದರು. ಅದರಲ್ಲಿ ಒಂದು ಕಂಬನಕ್ಷೆ ಇತ್ತು. ದಿನಕ್ಕೆ ಎರಡು ಕಂಬ, ಒಂದು ಕಪ್ಪು, ಇನ್ನೊಂದು ಗೆರೆ ಹಾಕಿದ್ದು. ಕೆಳಗೆ ಇಷ್ಟೇ ಬರೆದಿತ್ತು:

"ಚಿತ್ರ 2: ಮೇಲೆ ಹೇಳಿದ ಎರಡೂ ಕೇಂದ್ರಗಳ ಮಳೆ."

ಹಸ್ತಪ್ರತಿಯಲ್ಲಿ ಇದು ತಪ್ಪಾಗಿ ಕಾಣುತ್ತಿರಲಿಲ್ಲ. ಅಲ್ಲಿ ಚಿತ್ರದ ಮೇಲಿನ ಪ್ಯಾರಾದಲ್ಲಿಯೇ ಸಾಂತಾಕ್ರೂಜ್ ಮತ್ತು ಕೊಲಾಬಾ ಎಂಬ ಹೆಸರುಗಳಿದ್ದವು. ಪುಟ ವಿನ್ಯಾಸವಾದಾಗ ಎರಡು ಪುಟ ಜಾಹೀರಾತು ನಡುವೆ ಬಂದು ಚಿತ್ರ ಮೂರು ಪುಟ ಮುಂದಕ್ಕೆ ಹೋಯಿತು. ಈಗ ಚಿತ್ರದ "ಮೇಲೆ" ಇದ್ದದ್ದು ಬೇರೆ ಲೇಖನದ ಕೊನೆಯ ಸಾಲುಗಳು. ಸಂಚಿಕೆ ಮನೆಗೆ ಬಂದಾಗ ಹೆಚ್ಚಿನವರು ಮೊದಲು ಚಿತ್ರಗಳನ್ನೇ ನೋಡುತ್ತಾ ಪುಟ ತಿರುವುತ್ತಾರೆ. ಅವರಿಗೆ ಈ ಸಾಲು ಏನನ್ನೂ ಹೇಳುವುದಿಲ್ಲ.

ನಾನು ಲೇಖಕರಿಗೆ ಫೋನ್ ಮಾಡಿದೆ. "ಅಕ್ಕ, ಕೇಂದ್ರಗಳ ಹೆಸರು ಲೇಖನದಲ್ಲಿದೆಯಲ್ಲ, ಮತ್ತೆ ಬರೆದರೆ ಪುನರುಕ್ತಿ ಆಗುವುದಿಲ್ಲವೇ?" ಎಂದು ಅವರು ಕೇಳಿದರು. ಒಳ್ಳೆಯ ಗದ್ಯ ಬರೆಯುವವರಿಗೆ ಈ ಹಿಂಜರಿಕೆ ಸಹಜ. ಲೇಖನದೊಳಗೆ ಹೇಳಿದ್ದನ್ನೇ ಹೇಳಿದರೆ ಓದುಗನಿಗೆ ಬೇಸರವಾಗುವುದು ನಿಜ. ಆದರೆ ಅಡಿಬರಹದ ಓದುಗ ಬೇರೆ ದಾರಿಯಿಂದ ಬಂದಿರುತ್ತಾನೆ. ಅವನಿಗೆ ಅದು ಮೊದಲ ಸಲವೇ.

ಹೆಸರುಗಳನ್ನು ಸೇರಿಸಿ, ಕಪ್ಪು ಕಂಬ ಸಾಂತಾಕ್ರೂಜಿನದು, ಗೆರೆಯ ಕಂಬ ಕೊಲಾಬಾದ್ದು ಎಂದು ಬರೆದೆವು. ಅಳತೆ ಮಿಲಿಮೀಟರಿನಲ್ಲಿದೆ ಎಂದೂ ಸೇರಿಸಿದೆವು. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಆಗ ಕರಡನ್ನು ಲೇಖನವಿಲ್ಲದೆ, ಚಿತ್ರವಿದ್ದ ಹಾಳೆಯನ್ನು ಮಾತ್ರ ನನ್ನ ಅತ್ತಿಗೆಯ ಕೈಗೆ ಕೊಟ್ಟೆ. ಅವರು 2005ರ ಆ ಮಳೆಯ ಸಂಜೆ ರೈಲು ನಿಂತು, ದಾದರಿನಿಂದ ನೀರಿನಲ್ಲಿ ನಡೆದುಕೊಂಡು ಬಂದವರು. ನೋಡಿದ ಕೂಡಲೇ ಹೇಳಿದರು: "ಇದು ತಪ್ಪು. ಆ ಮಳೆ 26ನೇ ತಾರೀಖಿನದು. ಇಲ್ಲಿ ದೊಡ್ಡ ಕಂಬ 27ರ ಮೇಲೆ ನಿಂತಿದೆ."

ಕಂಬ ತಪ್ಪಿರಲಿಲ್ಲ, ಅತ್ತಿಗೆಯ ನೆನಪೂ ತಪ್ಪಿರಲಿಲ್ಲ. ಭಾರತೀಯ ಹವಾಮಾನ ಇಲಾಖೆ ಮಳೆಯನ್ನು ಬೆಳಿಗ್ಗೆ 8.30ಕ್ಕೆ ಅಳೆಯುತ್ತದೆ. ಹಿಂದಿನ ದಿನದ 8.30ರಿಂದ ಆ ಹೊತ್ತಿನವರೆಗೆ ಬಿದ್ದದ್ದೆಲ್ಲ ಅಳೆದ ದಿನದ ತಾರೀಖಿನಡಿ ದಾಖಲಾಗುತ್ತದೆ. 2005ರ ಜುಲೈ 26ರ ಮಧ್ಯಾಹ್ನದಿಂದ ಸುರಿದ ಮಳೆ ಹೀಗಾಗಿ 27ರ ಲೆಕ್ಕಕ್ಕೆ ಹೋಯಿತು. ಸಾಂತಾಕ್ರೂಜ್ ಕೇಂದ್ರದಲ್ಲಿ ಆ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಬಿದ್ದಿತ್ತು. ದಕ್ಷಿಣಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕೊಲಾಬಾದಲ್ಲಿ ಅದೇ ಅವಧಿಗೆ ಬಿದ್ದದ್ದು ಸುಮಾರು 73. ಲೇಖಕರು ಈ 8.30ರ ಪದ್ಧತಿಯನ್ನು ಲೇಖನದ ಮಧ್ಯದಲ್ಲಿ ಒಂದು ವಾಕ್ಯದಲ್ಲಿ ವಿವರಿಸಿದ್ದರು. ಆ ವಾಕ್ಯ ಇರಬೇಕಾದದ್ದು ಚಿತ್ರದ ಅಡಿಯಲ್ಲಿ. ಅದಿಲ್ಲದೆ ಆ ದಿನವನ್ನು ಕಂಡ ಪ್ರತಿಯೊಬ್ಬ ಮುಂಬಯಿಕರನೂ ಚಿತ್ರವನ್ನು ಅನುಮಾನಿಸುತ್ತಿದ್ದ.

ಕೊನೆಗೆ ಅಚ್ಚಾದದ್ದು ಇದು:

"ಚಿತ್ರ 2. ಮುಂಬಯಿಯ ಸಾಂತಾಕ್ರೂಜ್ (ಕಪ್ಪು ಕಂಬ) ಮತ್ತು ಕೊಲಾಬಾ (ಗೆರೆಯ ಕಂಬ) ಹವಾಮಾನ ಕೇಂದ್ರಗಳಲ್ಲಿ 2005ರ ಜುಲೈ 24ರಿಂದ 30ರವರೆಗೆ ಬಿದ್ದ ದಿನವಹಿ ಮಳೆ, ಮಿಲಿಮೀಟರುಗಳಲ್ಲಿ. ಪ್ರತಿ ಕಂಬವೂ ಆ ದಿನ ಬೆಳಿಗ್ಗೆ 8.30ಕ್ಕೆ ಮುಗಿದ 24 ಗಂಟೆಗಳ ಮಳೆಯನ್ನು ತೋರಿಸುತ್ತದೆ. 26ರ ಮಧ್ಯಾಹ್ನದಿಂದ ಸುರಿದ ಮಳೆ 27ರ ಕಂಬದಲ್ಲಿದೆ. ಮೂಲ: ಭಾರತೀಯ ಹವಾಮಾನ ಇಲಾಖೆ."

ಒಂದು ಸಾಲು ಇದ್ದದ್ದು ಐದು ಸಾಲಾಯಿತು. ಇಲ್ಲಿ ಏನನ್ನು ಬಿಟ್ಟೆವು ಎಂಬುದನ್ನೂ ಗಮನಿಸಬೇಕು. ಎರಡು ಕೇಂದ್ರಗಳ ನಡುವೆ ಅಷ್ಟೊಂದು ಅಂತರ ಏಕೆ ಬಂತು, ನಗರದ ಚರಂಡಿಗಳು ಏಕೆ ತಡೆಯಲಿಲ್ಲ ಎಂಬುದೆಲ್ಲ ಲೇಖನದಲ್ಲಿಯೇ ಉಳಿಯಿತು. ಅವನ್ನು ತಿಳಿಯದೆಯೂ ಚಿತ್ರವನ್ನು ಸರಿಯಾಗಿ ಓದಬಹುದು. 8.30ರ ಮಾತು ತಿಳಿಯದೆ ಓದಲಾಗುವುದಿಲ್ಲ. ಯಾವುದು ಒಳಗೆ, ಯಾವುದು ಹೊರಗೆ ಎಂದು ತೀರ್ಮಾನಿಸಲು ನಾನು ಬಳಸುವ ಒರೆಗಲ್ಲು ಇದೊಂದೇ: ಈ ಮಾತು ಇಲ್ಲದಿದ್ದರೆ ನೋಡುವವರು ತಪ್ಪಾಗಿ ಓದುತ್ತಾರೆಯೇ?

ಅದೇ ಲೇಖನದ ಕೋಷ್ಟಕಕ್ಕೆ "ತಿಂಗಳವಾರು ಮಳೆ ದಿನಗಳು" ಎಂಬ ತಲೆಬರಹವಿತ್ತು. ಹನಿ ಬಿದ್ದ ದಿನವೆಲ್ಲ ಮಳೆ ದಿನವೆಂದೇ ನಾವು ಮಾತಿನಲ್ಲಿ ಎಣಿಸುತ್ತೇವೆ. ಇಲಾಖೆಯ ಲೆಕ್ಕದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಅದು ಮಳೆ ದಿನ. ಬಳಕೆಯ ಮಾತೊಂದು ಶಾಸ್ತ್ರದಲ್ಲಿ ಬೇರೆ ಅರ್ಥ ಪಡೆದಿರುವ ಇಂಥ ಕಡೆ ಓದುಗರಿಗೆ ಅನುಮಾನವೇ ಬರುವುದಿಲ್ಲ, ಆದ್ದರಿಂದ ಅವರು ಹಿಂದಿನ ಪುಟ ಹುಡುಕಿಕೊಂಡೂ ಹೋಗುವುದಿಲ್ಲ. ಕೋಷ್ಟಕದ ಕೆಲವು ಮನೆಗಳಲ್ಲಿ ಸೊನ್ನೆ, ಕೆಲವಲ್ಲಿ ಅಡ್ಡಗೆರೆ ಇತ್ತು. ಲೇಖಕರನ್ನು ಕೇಳಿದರೆ, ಸೊನ್ನೆ ಎಂದರೆ ಮಳೆ ದಿನ ಒಂದೂ ಇರಲಿಲ್ಲ, ಗೆರೆ ಎಂದರೆ ದಾಖಲೆ ಸಿಗಲಿಲ್ಲ ಎಂದರು. 2.5ರ ಮಾತನ್ನು ತಲೆಬರಹಕ್ಕೆ ಸೇರಿಸಿದೆವು. ಗೆರೆಯ ಅರ್ಥವನ್ನು ಕೋಷ್ಟಕದ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿಯಾಗಿ ಇಟ್ಟೆವು. ಗುರುತುಗಳ ವಿವರಣೆಗೆ ಅದೇ ಸರಿಯಾದ ಜಾಗ, ಕಣ್ಣು ಅಲ್ಲಿಗೆ ತಾನಾಗಿ ಇಳಿಯುತ್ತದೆ.

ಕನ್ನಡದಲ್ಲಿ ತಿದ್ದುವವರು ಕೆಲವು ಪದಗಳ ಮೇಲೆ ಕಣ್ಣಿಡಬೇಕು. ಮೇಲ್ಕಂಡ, ಸದರಿ, ಹಿಂದೆ ತಿಳಿಸಿದ ಎಂಬವು ಸುಲಭವಾಗಿ ಸಿಗುತ್ತವೆ. ಹೆಚ್ಚು ಮೋಸ ಮಾಡುವುದು "ಎರಡೂ" ಎಂಬುದರ ಕೊನೆಯ ದೀರ್ಘ. "ಎರಡು ಕೇಂದ್ರ" ಎಂದರೆ ಯಾವ ಎರಡು ಎಂದು ಕೇಳಬೇಕೆನಿಸುತ್ತದೆ. "ಎರಡೂ ಕೇಂದ್ರ" ಎಂದರೆ ಕೇಳುವವರಿಗೆ ಅವು ಗೊತ್ತಿವೆ ಎಂದೇ ಅರ್ಥ. ಬರೆದವರಿಗೆ ಗೊತ್ತಿರುವುದರಿಂದ ಅದು ಕಣ್ಣಿಗೆ ಬೀಳುವುದಿಲ್ಲ. "ಈ ಅವಧಿ", "ಆ ವರ್ಷ", "ಉಳಿದ ಜಿಲ್ಲೆಗಳು" ಕೂಡ ಇದೇ ಜಾತಿಯವು. ಪ್ರತಿಯೊಂದರ ಜಾಗದಲ್ಲಿ ಹೆಸರನ್ನೋ ತಾರೀಖನ್ನೋ ಇಡಬೇಕು.

ಒಂದು ಅಪಾಯವೂ ಇದೆ. ಒಂದೇ ವಿವರ ಲೇಖನದಲ್ಲೂ ಅಡಿಬರಹದಲ್ಲೂ ಇದ್ದಾಗ, ಕೊನೆಯ ಗಳಿಗೆಯ ತಿದ್ದುಪಡಿ ಒಂದು ಕಡೆ ಆಗಿ ಇನ್ನೊಂದು ಕಡೆ ಉಳಿದುಬಿಡುತ್ತದೆ. ನಮ್ಮ ಸಂಚಿಕೆಯಲ್ಲಿಯೇ ಅವಧಿಯನ್ನು 24ರಿಂದ ಎಂದು ಬದಲಿಸಿದ ಮೇಲೂ ಲೇಖನದಲ್ಲಿ 25ರಿಂದ ಎಂದೇ ಇತ್ತು. ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಅಡಿಬರಹಗಳನ್ನೆಲ್ಲ ಒಂದೇ ಹಾಳೆಗೆ ಬರೆದುಕೊಂಡು ಲೇಖನದೊಡನೆ ಸಾಲು ಸಾಲಾಗಿ ಹೋಲಿಸುವಾಗ ಅದು ಸಿಕ್ಕಿತು.