ಅಲ್ಪವಿರಾಮ ಹೋದ ಮೇಲೆ ಕವಿತೆ ಎಲ್ಲಿ ಉಸಿರಾಡುತ್ತದೆ

1912ರ ಕೊನೆಯಲ್ಲಿ ಫ್ರೆಂಚ್ ಕವಿ ಗಿಯೋಮ್ ಅಪೊಲಿನೇರ್ ತನ್ನ ‘ಆಲ್ಕೊಲ್’ ಸಂಕಲನದ ಕರಡಚ್ಚು ತಿದ್ದುತ್ತ ಅದರಲ್ಲಿದ್ದ ಲೇಖನ ಚಿಹ್ನೆಗಳನ್ನೆಲ್ಲ ಹೊಡೆದುಹಾಕಿದ. ಮರುವರ್ಷ ಪುಸ್ತಕ ಹೊರಬಂದ ಮೇಲೆ ಒಂದು ಪತ್ರದಲ್ಲಿ ಕಾರಣ ಹೇಳಿದ: ಲಯ ಮತ್ತು ಸಾಲುಗಳನ್ನು ಕತ್ತರಿಸುವ ರೀತಿಯೇ ಕವಿತೆಯ ನಿಜವಾದ ವಿರಾಮ, ಬೇರೆಯದು ಬೇಕಿಲ್ಲ. ಈ ಮಾತನ್ನು ಹಿಡಿದು ಚಿಹ್ನೆಗಳನ್ನು ಕೈಬಿಟ್ಟವರು ಬಹಳ. ಆದರೆ ಅದರ ಎರಡನೆಯ ಅರ್ಧವನ್ನು, ಅಂದರೆ ಸಾಲನ್ನು ಕತ್ತರಿಸುವ ಕೆಲಸವನ್ನು, ಗಮನಿಸಿದವರು ಕಡಿಮೆ.

ಆ ಸಂಕಲನದ ‘ಮಿರಾಬೋ ಸೇತುವೆ’ ಕವಿತೆಯನ್ನೇ ನೋಡೋಣ. 1912ರ ಫೆಬ್ರವರಿಯಲ್ಲಿ ಅದು ಪತ್ರಿಕೆಯಲ್ಲಿ ಮೊದಲು ಅಚ್ಚಾದಾಗ ಚಿಹ್ನೆಗಳಿದ್ದವು, ಪ್ರತಿ ಪದ್ಯದಲ್ಲೂ ಹತ್ತು ಉಚ್ಚಾರಾಂಶಗಳ ಮೂರು ಸಾಲುಗಳಿದ್ದವು. ಪುಸ್ತಕಕ್ಕೆ ಬರುವಾಗ ಕವಿ ಎರಡನೆಯ ಸಾಲನ್ನು ನಾಲ್ಕು ಮತ್ತು ಆರು ಉಚ್ಚಾರಾಂಶಗಳ ಎರಡು ತುಂಡು ಮಾಡಿದ. ಮೊದಲ ಪದ್ಯದ ಆರಂಭ ಈಗ ಹೀಗಿದೆ: ಮಿರಾಬೋ ಸೇತುವೆಯ ಕೆಳಗೆ ಸೀನ್ ನದಿ ಹರಿಯುತ್ತಿದೆ, ಅದರ ಕೆಳಗೆ ಒಂಟಿಯಾಗಿ ‘ಮತ್ತು ನಮ್ಮ ಪ್ರೇಮಗಳು’ ಎಂಬ ತುಂಡು, ಬಳಿಕ, ಅದನ್ನು ನಾನು ನೆನೆಯಲೇಬೇಕೇ ಎಂಬ ಪ್ರಶ್ನೆ. ಫ್ರೆಂಚಿನಲ್ಲಿ ಮೊದಲ ಸಾಲು ಮುಗಿಯುವುದು ‘ಸೀನ್’ ಎಂಬ ಪದದಲ್ಲಿ. ಅದಾದ ಮೇಲೆ ಪೂರ್ಣವಿರಾಮ ಇಟ್ಟರೆ ಪ್ರೇಮಗಳು ಕೆಳಗಿನ ಪ್ರಶ್ನೆಗೆ ಸೇರುತ್ತವೆ, ಅಷ್ಟೇ. ಚಿಹ್ನೆ ಇಲ್ಲದಿದ್ದರೆ ಅವು ಮೊದಲು ನದಿಯ ಜೊತೆ ಹರಿದುಹೋಗುತ್ತವೆ, ಆಮೇಲೆ ನೆನಪಿಗೆ ಬರುತ್ತವೆ. ಫ್ರೆಂಚಿನಲ್ಲಿ ಕ್ರಿಯಾಪದ ಏಕವಚನದಲ್ಲಿದೆ, ವ್ಯಾಕರಣದ ಪ್ರಕಾರ ಹರಿಯುವುದು ನದಿ ಮಾತ್ರ. ಆದರೂ ಕಿವಿ ಪ್ರೇಮಗಳನ್ನು ನೀರಿಗೆ ಸೇರಿಸಿಬಿಡುತ್ತದೆ. ವ್ಯಾಕರಣ ಬಿಡದ ಕಡೆ ಕಿವಿಯನ್ನು ಒಯ್ಯುವುದು ಆ ಖಾಲಿ ಜಾಗ.

ಗಟ್ಟಿಯಾಗಿ ಓದುವವರಿಗೆ ಇದರಿಂದ ಒಂದು ನಿಜವಾದ ಕಷ್ಟ ಎದುರಾಗುತ್ತದೆ. ಪೂರ್ಣವಿರಾಮ ಎರಡು ಕೆಲಸ ಮಾಡುತ್ತದೆ: ನಿಲ್ಲಿಸುತ್ತದೆ, ದನಿಯನ್ನು ಇಳಿಸುತ್ತದೆ. ಸಾಲಿನ ತುದಿ ನಿಲ್ಲಿಸುತ್ತದೆ, ಆದರೆ ಇಳಿಸಬೇಕೋ ಬೇಡವೋ ಎಂದು ಹೇಳುವುದಿಲ್ಲ. ‘ಸೀನ್’ ಎಂಬಲ್ಲಿ ದನಿ ಇಳಿದರೆ ಪ್ರೇಮಗಳು ದಡದಲ್ಲೇ ಉಳಿದವು. ನಿಲ್ಲದೆ ಓಡಿದರೆ ಪ್ರಶ್ನೆ ಬಡವಾಯಿತು. ಉಸಿರು ನಿಂತು ದನಿ ಮಟ್ಟದಲ್ಲೇ ಇರಬೇಕು. ಒಳ್ಳೆಯ ವಾಚಕರನ್ನು ನಾನು ಗುರುತಿಸುವುದು ಇಲ್ಲಿಯೇ. 1913ರ ಡಿಸೆಂಬರ್‌ನಲ್ಲಿ ಸ್ವತಃ ಅಪೊಲಿನೇರ್ ಪ್ಯಾರಿಸ್ಸಿನಲ್ಲಿ ಈ ಕವಿತೆಯನ್ನು ಓದಿದ ಧ್ವನಿಮುದ್ರಿಕೆ ಉಳಿದಿದೆ. ಅವನದು ಮಂತ್ರ ಹೇಳಿದ ಹಾಗೆ ಎಳೆದು ಓದುವ ದನಿ.

ಕನ್ನಡದಲ್ಲಿ ಲೆಕ್ಕ ಸ್ವಲ್ಪ ಬೇರೆ. ನಮ್ಮ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುತ್ತದೆ. ‘ಬಂದಳು’ ಎಂದ ಕೂಡಲೇ ಪೂರ್ಣವಿರಾಮ ಬಿದ್ದಂತೆಯೇ. ‘ಬಂದಳೇ’ ಎಂದರೆ ಪ್ರಶ್ನೆಯ ಚಿಹ್ನೆ ಪದದೊಳಗೇ ಇದೆ. ‘ಊ’ ಸೇರಿದರೆ ಅನೇಕ ಕಡೆ ಅಲ್ಪವಿರಾಮ ಬೇಕಾಗುವುದಿಲ್ಲ. ಹೀಗಾಗಿ ಚಿಹ್ನೆ ತೆಗೆದರೂ ನಮ್ಮ ಸಾಲು ಸುಲಭವಾಗಿ ಕಲಸಿಹೋಗುವುದಿಲ್ಲ, ಅರ್ಥವೂ ಸುಲಭವಾಗಿ ಎರಡಾಗುವುದಿಲ್ಲ. ಎರಡಾಗಬೇಕಾದರೆ ಎರಡು ಕ್ರಿಯಾಪದಗಳ ನಡುವೆ ಯಾವ ಕಡೆಗೂ ಸಲ್ಲುವ ಒಂದು ತುಂಡು ಬೇಕು. ಉದಾಹರಣೆಗೆಂದೇ ಬರೆದ ಈ ಸಾಲುಗಳನ್ನು ನೋಡಿ:

ಮಳೆ ಬಂತು
ನಿನ್ನ ಹಾಗೆ
ನಾನು ಬಾಗಿಲಲ್ಲಿ ನಿಂತೆ

ಮಳೆ ನಿನ್ನ ಹಾಗೆ ಬಂತೇ, ನಾನು ನಿನ್ನ ಹಾಗೆ ನಿಂತೆನೇ? ಎರಡೂ ನಿಲ್ಲುತ್ತವೆ, ಒಂದು ಇನ್ನೊಂದನ್ನು ಕೆಡಿಸುವುದಿಲ್ಲ. ಬಂದವಳು ಒಮ್ಮೆ ಹೀಗೆ ಬಾಗಿಲಲ್ಲಿ ಕಾದಿದ್ದವಳೂ ಹೌದು ಎಂಬ ಕಥೆ ಆ ಜೋಡಿ ಅರ್ಥದಿಂದಲೇ ಹುಟ್ಟುತ್ತದೆ. ‘ಬಂತು’ ಆದ ಮೇಲೆ ಚುಕ್ಕಿ ಇಟ್ಟರೆ ಮೊದಲನೆಯ ಅರ್ಥ ಹೋಯಿತು. ಚುಕ್ಕಿ ಇಡದೆ ‘ನಾನು’ ಎಂಬುದನ್ನು ‘ನಾನೂ’ ಮಾಡಿದರೂ ತಕ್ಕಡಿ ಕೆಳಗಿನ ಸಾಲಿನ ಕಡೆ ವಾಲುತ್ತದೆ. ಒಂದು ದೀರ್ಘ ಸ್ವರ ಇಲ್ಲಿ ಚಿಹ್ನೆಯ ಕೆಲಸವನ್ನೇ ಮಾಡುತ್ತದೆ. ಕರಡು ತಿದ್ದುವವರು ಬಹಳ ಸಲ ಅಲ್ಪವಿರಾಮವನ್ನಷ್ಟೇ ಕಾಯುತ್ತಾರೆ, ಇಂಥ ‘ಊ’ಕಾರವನ್ನು ಸಲೀಸಾಗಿ ಸೇರಿಸಿಬಿಡುತ್ತಾರೆ. ನನಗೆ ಅದು ಅಲ್ಪವಿರಾಮಕ್ಕಿಂತ ದೊಡ್ಡ ತಿದ್ದುಪಡಿಯಾಗಿ ಕಾಣುತ್ತದೆ.

ನನ್ನ ಬಳಿ ಬರುವ ಹೊಸ ಕವಿತೆಗಳಲ್ಲಿ ಹೆಚ್ಚಿನವು ಚಿಹ್ನೆ ಇಲ್ಲದವು. ಅವುಗಳಿಗೆ ನಾನು ಚಿಹ್ನೆಗಳನ್ನೆಲ್ಲ ಹಾಕಿ ಓದುತ್ತೇನೆ, ಆಮೇಲೆ ತೆಗೆದು ಓದುತ್ತೇನೆ. ಎರಡು ಓದಿನಲ್ಲೂ ಒಂದೇ ಅರ್ಥ, ಒಂದೇ ದನಿ ಬಂದರೆ ಚಿಹ್ನೆ ತೆಗೆದದ್ದು ಬರಿಯ ಉಡುಪು. ತೆಗೆದಾಗ ಓದುಗ ಎಡವಿ ಹಿಂದಕ್ಕೆ ಬಂದು, ಮೊದಲ ಅರ್ಥವನ್ನು ತಪ್ಪೆಂದು ಎಸೆಯಬೇಕಾದರೆ ಅಲ್ಲಿ ಚಿಹ್ನೆ ಬೇಕೇ ಬೇಕು, ಇಲ್ಲವೇ ಸಾಲನ್ನು ಬೇರೆ ಕಡೆ ಮುರಿಯಬೇಕು. ಹಿಂದಕ್ಕೆ ಬಂದಾಗ ಎರಡು ಅರ್ಥವೂ ಕೈಯಲ್ಲಿ ಉಳಿದರೆ ನಾನು ಮುಟ್ಟುವುದಿಲ್ಲ. ಇಬ್ಬರು ಮಾತಾಡುವ ಕವಿತೆಗೆ ಮಾತ್ರ ಈ ಪರೀಕ್ಷೆ ಸಾಲದು. ಮಾತು ಯಾರದೆಂದು ಸಾಲು ಮುರಿದು ತಿಳಿಸುವುದು ಕಷ್ಟ, ಅಲ್ಲಿ ಉದ್ಧರಣ ಚಿಹ್ನೆಯನ್ನು ಉಳಿಸಿಕೊಳ್ಳಿ ಎಂದೇ ಕವಿಗೆ ಬರೆಯುತ್ತೇನೆ.