ಬಿಸಿಯಾದ ಕೂಲ್ ಡ್ರಿಂಕ್ಸ್ ಮುಚ್ಚಳ ತೆಗೆದ ಕೂಡಲೇ ಉಕ್ಕುವುದೇಕೆ?

ಕೂಲ್ ಡ್ರಿಂಕ್ಸ್ ಬಾಟಲಿ ತುಂಬುವ ಕಾರ್ಖಾನೆಯ ಲ್ಯಾಬ್‌ನಲ್ಲಿ ನನ್ನ ಕೆಲಸ. ಬೇಸಿಗೆ ಬಂತೆಂದರೆ ಅಂಗಡಿಯವರಿಂದ ಒಂದೇ ದೂರು: "ಸಾರ್, ಈ ಸಲದ ಮಾಲಲ್ಲಿ ಗ್ಯಾಸ್ ಜಾಸ್ತಿ ಹಾಕಿದ್ದೀರಿ. ಮುಚ್ಚಳ ತಿರುಗಿಸಿದರೆ ಮೈಮೇಲೆಲ್ಲ ಚೆಲ್ಲುತ್ತೆ." ಅದೇ ಬ್ಯಾಚಿನ ಬಾಟಲಿ ತರಿಸಿ ನೋಡಿದರೆ ಗ್ಯಾಸ್ ಅಷ್ಟೇ ಇರುತ್ತದೆ. ಬದಲಾಗಿರುವುದು ಬಾಟಲಿಯ ಬಿಸಿ ಮಾತ್ರ.

ಗ್ಯಾಸನ್ನು ನಾವು ಅಳೆಯುವುದು "ಜಿ.ವಿ.", ಅಂದರೆ ಗ್ಯಾಸ್ ವಾಲ್ಯೂಮ್ ಲೆಕ್ಕದಲ್ಲಿ. ಕೋಲಾ ಥರದ ಪಾನೀಯದ ಜಿ.ವಿ. ಸುಮಾರು 3.7 ಇರುತ್ತದೆ. ಅಂದರೆ ಒಂದು ಲೀಟರ್ ಪಾನೀಯದಲ್ಲಿ 3.7 ಲೀಟರ್ ಕಾರ್ಬನ್ ಡೈಆಕ್ಸೈಡ್ ಕರಗಿದೆ ಎಂದರ್ಥ. 600 ಮಿ.ಲೀ. ಬಾಟಲಿಯನ್ನೇ ತೆಗೆದುಕೊಳ್ಳಿ. ಅದರೊಳಗಿನ ಗ್ಯಾಸನ್ನು ಪೂರ್ತಿ ಹೊರಗೆ ಬಿಟ್ಟರೆ 2.2 ಲೀಟರ್ ಜಾಗ ಬೇಕು.

ಪರೀಕ್ಷೆ ಸರಳ. ಗೇಜ್ ಇರುವ ಸೂಜಿಯನ್ನು ಮುಚ್ಚಳದೊಳಗೆ ಚುಚ್ಚುತ್ತೇವೆ. ಬಾಟಲಿಯನ್ನು ಚೆನ್ನಾಗಿ ಕುಲುಕಿ, ಮುಳ್ಳು ಒಂದು ಕಡೆ ನಿಂತ ಮೇಲೆ ಒತ್ತಡ ಬರೆದುಕೊಳ್ಳುತ್ತೇವೆ. ಆಮೇಲೆ ಪಾನೀಯದ ಉಷ್ಣತೆ ನೋಡಿ, ಎರಡನ್ನೂ ಸೇರಿಸಿ ಚಾರ್ಟ್‌ನಲ್ಲಿ ಜಿ.ವಿ. ಹುಡುಕುತ್ತೇವೆ. ಉಷ್ಣತೆ ಗೊತ್ತಿಲ್ಲದೆ ಒತ್ತಡವೊಂದನ್ನೇ ಹೇಳಿದರೆ ಅದರಿಂದ ಏನೂ ತಿಳಿಯುವುದಿಲ್ಲ. 3.7 ಜಿ.ವಿ. ಇರುವ ಬಾಟಲಿ 4 ಡಿಗ್ರಿಯಲ್ಲಿ ಹೊರಗಿನ ಗಾಳಿಯ ಎರಡೂವರೆ ಪಟ್ಟು ಒತ್ತಡ ಹಿಡಿದಿರುತ್ತದೆ. ಅದೇ ಬಾಟಲಿ ರಾಯಚೂರಿನ ಮೇ ತಿಂಗಳಲ್ಲಿ 40 ಡಿಗ್ರಿಗೆ ಬಂದರೆ ಒತ್ತಡ ಆರೂವರೆ ಪಟ್ಟಿನ ಆಸುಪಾಸಿಗೆ ಏರುತ್ತದೆ. ಗ್ಯಾಸ್ ಒಂದು ಹನಿಯೂ ಹೆಚ್ಚಾಗಿಲ್ಲ.

ಇದು ಯಾಕೆಂದರೆ ನೀರು ಬಿಸಿಯಾದಷ್ಟೂ ಗ್ಯಾಸನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಸಕ್ಕರೆ, ಉಪ್ಪು ಬಿಸಿನೀರಲ್ಲಿ ಬೇಗ ಕರಗುವುದನ್ನು ನೋಡಿ ಗ್ಯಾಸೂ ಹಾಗೇ ಅಂದುಕೊಳ್ಳುವವರು ಬಹಳ. ಗ್ಯಾಸಿನದು ಉಲ್ಟಾ. ಕಾರ್ಬನ್ ಡೈಆಕ್ಸೈಡ್ ಅಣುವನ್ನು ನೀರಿನ ಅಣುಗಳು ಗಟ್ಟಿಯಾಗಿ ಹಿಡಿದಿರುವುದಿಲ್ಲ. ಬಿಸಿ ಏರಿದಾಗ ಅಣುಗಳ ಓಡಾಟ ಜಾಸ್ತಿಯಾಗಿ ಆ ಹಿಡಿತ ತಪ್ಪುತ್ತದೆ. ಮುಚ್ಚಳ ತೆಗೆದು ಒತ್ತಡ ಹೋದ ಮೇಲೆ 4 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು ಒಂದೂವರೆ ಲೀಟರ್ ಗ್ಯಾಸ್ ಕರಗಿರಬಲ್ಲದು. 40 ಡಿಗ್ರಿಯಲ್ಲಿ ಅರ್ಧ ಲೀಟರ್ ಅಷ್ಟೇ. ಒತ್ತಡ ಹೆಚ್ಚಿದಷ್ಟೂ ಹೆಚ್ಚು ಗ್ಯಾಸ್ ಕರಗುತ್ತದೆ, ಒತ್ತಡ ಇಳಿದರೆ ಹೊರಬರುತ್ತದೆ ಎಂಬ ನಿಯಮವನ್ನು 1803ರಲ್ಲೇ ಇಂಗ್ಲೆಂಡಿನ ವಿಲಿಯಂ ಹೆನ್ರಿ ತೋರಿಸಿದ್ದ. ನಮ್ಮ ಚಾರ್ಟ್ ನಿಂತಿರುವುದೂ ಅದರ ಮೇಲೆಯೇ.

ಸಾಮಾನ್ಯವಾಗಿ ವಿವರಣೆ ಇಲ್ಲಿಗೇ ಮುಗಿಯುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. 600 ಮಿ.ಲೀ. ಬಾಟಲಿಯನ್ನು ತಣ್ಣಗಿದ್ದಾಗ ತೆಗೆದರೆ ಹೊರಬರಬೇಕಾದ ಗ್ಯಾಸ್ ಸುಮಾರು 1.3 ಲೀಟರ್. ಬಿಸಿಯಿದ್ದಾಗ 1.9 ಲೀಟರ್. ಬರೀ ಒಂದೂವರೆ ಪಟ್ಟು. ತಣ್ಣಗಿನದು "ಚುಸ್" ಎಂದು ಸುಮ್ಮನಾಗುತ್ತದೆ, ಬಿಸಿಯದು ಅರ್ಧ ಬಾಟಲಿ ಚೆಲ್ಲುತ್ತದೆ. ಒಂದೂವರೆ ಪಟ್ಟಿಗೆ ಇಷ್ಟು ವ್ಯತ್ಯಾಸ ಆಗಬಾರದಲ್ವಾ?

ಎಷ್ಟು ಗ್ಯಾಸ್ ಬರುತ್ತದೆ ಎಂಬುದಕ್ಕಿಂತ ಎಷ್ಟು ಬೇಗ ಬರುತ್ತದೆ ಎಂಬುದು ಇಲ್ಲಿ ಮುಖ್ಯ. ಗ್ಯಾಸ್ ನೀರಿನಿಂದ ಸುಮ್ನೆ ಎದ್ದು ಬರುವುದಿಲ್ಲ, ಮೊದಲು ಗುಳ್ಳೆ ಹುಟ್ಟಬೇಕು. ತೀರಾ ಸಣ್ಣ ಗುಳ್ಳೆಯನ್ನು ನೀರಿನ ಮೇಲ್ಮೈ ಸೆಳೆತವೇ ಹಿಸುಕಿ ಮತ್ತೆ ಕರಗಿಸಿಬಿಡುತ್ತದೆ. ಒಂದು ಗಾತ್ರ ದಾಟಿದ ಗುಳ್ಳೆ ಮಾತ್ರ ಬೆಳೆಯುತ್ತದೆ. ನಾನು ಹೇಳಿದ ಬಾಟಲಿ 4 ಡಿಗ್ರಿಯಲ್ಲಿದ್ದರೆ ಆ ಗುಳ್ಳೆಯ ತ್ರಿಜ್ಯ ಕನಿಷ್ಠ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ಇರಬೇಕು. 40 ಡಿಗ್ರಿಯಲ್ಲಿ ಅದರ ಕಾಲು ಭಾಗ ಇದ್ದರೂ ಸಾಕು. ಬಾಟಲಿಯ ಒಳಮೈಯ ಗೀರುಗಳಲ್ಲಿ, ಕಣ್ಣಿಗೆ ಕಾಣದ ಧೂಳಿನ ಕಣಗಳಲ್ಲಿ ಚೂರುಪಾರು ಗಾಳಿ ಸಿಕ್ಕಿಕೊಂಡಿರುತ್ತದೆ. ತಣ್ಣಗಿದ್ದಾಗ ಸುಮ್ಮನೆ ಬಿದ್ದಿದ್ದ ಸಣ್ಣ ಸಣ್ಣ ಜಾಗಗಳೆಲ್ಲ ಬಿಸಿಯಾದಾಗ ಒಟ್ಟಿಗೇ ಗುಳ್ಳೆ ಕಾರಲು ಶುರುಮಾಡುತ್ತವೆ. ಬಿಸಿ ನೀರಿನಲ್ಲಿ ಗ್ಯಾಸಿನ ಅಣುಗಳು ಗುಳ್ಳೆಯತ್ತ ಹರಿಯುವ ವೇಗವೂ ಎರಡು ಪಟ್ಟಿಗಿಂತ ಹೆಚ್ಚು. ಆಟೋದಲ್ಲಿ ಕುಲುಕಾಡಿಕೊಂಡು ಬಂದ ಬಾಟಲಿಯಾದರಂತೂ ಗುಳ್ಳೆಗಳು ಮೊದಲೇ ತಯಾರಾಗಿ ಕಾದಿರುತ್ತವೆ.

ಇನ್ನೊಂದು ಲೆಕ್ಕವಿದೆ. ಈ ಅಳತೆಯ ಬಾಟಲಿಯ ಕತ್ತಿನಲ್ಲಿ ನಾವು ಬಿಡುವ ಖಾಲಿ ಜಾಗ ಮೂವತ್ತು ಮಿ.ಲೀ.ಗೆ ಹತ್ತಿರ. ಯಾವುದೇ ಗಳಿಗೆಯಲ್ಲಿ ಪಾನೀಯದೊಳಗಿರುವ ಗುಳ್ಳೆಗಳೆಲ್ಲ ಸೇರಿ ಅಷ್ಟು ಜಾಗ ತಿಂದರೆ ಮೇಲಿನ ಪಾನೀಯ ಹೊರಗೆ ಬರಲೇಬೇಕು. 1.9 ಲೀಟರ್ ಗ್ಯಾಸ್ ನಿಧಾನವಾಗಿ ಬಂದರೆ ಗುಳ್ಳೆಗಳು ಒಂದೊಂದೇ ಮೇಲೇರಿ ಒಡೆಯುತ್ತವೆ, ಒಂದು ಹನಿಯೂ ಚೆಲ್ಲುವುದಿಲ್ಲ. ಎಲ್ಲ ಒಟ್ಟಿಗೆ ಹುಟ್ಟಿದರೆ ಆ ಮೂವತ್ತು ಮಿ.ಲೀ. ತುಂಬಲು ಕ್ಷಣವೂ ಬೇಡ.

ಕಾರ್ಖಾನೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಫಿಲ್ಲರ್ ಯಂತ್ರ ಒತ್ತಡದಲ್ಲಿಯೇ ಬಾಟಲಿ ತುಂಬುತ್ತದೆ. ತುಂಬಿದ ಮೇಲೆ, ಮುಚ್ಚಳ ಬೀಳುವ ಮೊದಲು, ಒಂದು ಸಣ್ಣ ವಾಲ್ವ್ ಆ ಒತ್ತಡವನ್ನು ಬಿಡುತ್ತದೆ. ನೀವು ಮನೆಯಲ್ಲಿ ಮುಚ್ಚಳ ತೆಗೆಯುವುದೂ ಇದೇ ಕೆಲಸ. ಒಂದು ಮಧ್ಯಾಹ್ನ ಚಿಲ್ಲರ್ ಟ್ರಿಪ್ ಆಗಿ, ಆರು ಡಿಗ್ರಿಯಲ್ಲಿ ಬರುತ್ತಿದ್ದ ಪಾನೀಯ ಹದಿನಾಲ್ಕಕ್ಕೆ ಏರಿತು. ಮುಟ್ಟಿ ನೋಡಿದರೆ ಇನ್ನೂ ತಣ್ಣಗೇ ಇತ್ತು. ಆದರೂ ವಾಲ್ವ್ ಬಿಟ್ಟ ಕೂಡಲೇ ಪ್ರತಿ ಬಾಟಲಿಯ ಬಾಯಲ್ಲೂ ನೊರೆ ಎದ್ದು, ಬಾಟಲಿಗಳು ಕಡಿಮೆ ತುಂಬಿ ಬರತೊಡಗಿದವು. ಆಪರೇಟರ್ ಗ್ಯಾಸ್ ಇಳಿಸೋಣ ಎಂದರು. ನಾನು ಬೇಡವೆಂದೆ. ಗ್ಯಾಸ್ ಇಳಿಸಿದರೆ ನೊರೆ ನಿಲ್ಲುತ್ತದೆ, ಆದರೆ ಕುಡಿಯುವವರಿಗೆ ಸಪ್ಪೆ ಪಾನೀಯ ಸಿಗುತ್ತದೆ. ಲೈನ್ ನಿಲ್ಲಿಸಿ, ಚಿಲ್ಲರ್ ಸರಿಮಾಡಿ, ಪಾನೀಯ ಮತ್ತೆ ತಣ್ಣಗಾದ ಮೇಲೆ ನೊರೆ ತಾನಾಗಿ ನಿಂತಿತು.

ಮನೆಯಲ್ಲೂ ಮದ್ದು ಅದೇ: ತಣ್ಣಗೆ ಮಾಡಿ. ಬಾಟಲಿಯ ಹೊರಮೈ ತಣ್ಣಗಾದರೆ ಸಾಲದು, ನಡುವಿನ ಪಾನೀಯಕ್ಕೂ ತಂಪು ಮುಟ್ಟಬೇಕು. ಫ್ರಿಜ್‌ನಲ್ಲಿ ಅದಕ್ಕೆ ಕೆಲವು ಗಂಟೆ ಬೇಕು. ಬಕೆಟ್‌ನಲ್ಲಿ ಐಸ್ ಹಾಕಿ ಮುಳುಗುವಷ್ಟು ನೀರು ತುಂಬಿ ಇಟ್ಟರೆ ಅದಕ್ಕಿಂತ ತುಂಬಾ ಬೇಗ ಆಗುತ್ತದೆ. ಬರೀ ಐಸ್ ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ನೀರು ಸುತ್ತಲೂ ತಾಗುತ್ತದೆ. ಬಿಸಿಯದನ್ನೇ ತೆಗೆಯಬೇಕಾಗಿ ಬಂದರೆ ಕುಲುಕದೆ ಸ್ವಲ್ಪ ಹೊತ್ತು ನಿಲ್ಲಿಸಿ, ಮುಚ್ಚಳವನ್ನು ಶಬ್ದ ಬರುವಷ್ಟು ಮಾತ್ರ ಸಡಿಲಿಸಿ. ಪ್ಲಾಸ್ಟಿಕ್ ಬಾಟಲಿಯ ತಿರುಪಿನಲ್ಲಿ ಅಡ್ಡಲಾಗಿ ಸಣ್ಣ ಸೀಳುಗಳಿರುತ್ತವೆ. ಮುಚ್ಚಳ ಇನ್ನೂ ಹಿಡಿತದಲ್ಲಿರುವಾಗಲೇ ಗ್ಯಾಸ್ ಹೋಗಲಿ ಎಂದೇ ಅವನ್ನು ಮಾಡಿರುವುದು. ನೊರೆ ಮೇಲೇರುವುದು ಕಂಡರೆ ಮತ್ತೆ ಬಿಗಿಮಾಡಿ, ಇಳಿದ ಮೇಲೆ ಮತ್ತೆ ಸಡಿಲಿಸಿ. ಬಿಸಿ ಪಾನೀಯವನ್ನು ಐಸ್ ಮೇಲೆ ಸುರಿಯಬೇಡಿ. ಐಸಿನ ಒರಟು ಮೈಯಲ್ಲಿ ಗುಳ್ಳೆ ಹುಟ್ಟಲು ಸಾವಿರ ಜಾಗಗಳಿವೆ, ಪಾನೀಯ ತಣ್ಣಗಾಗುವ ಮೊದಲೇ ಲೋಟ ತುಂಬಿ ಚೆಲ್ಲುತ್ತದೆ.

ಅವಸರಕ್ಕೆ ಫ್ರೀಜರ್‌ನಲ್ಲಿ ಇಟ್ಟು ಮರೆಯುವುದೂ ಅಪಾಯವೇ. ನೀರು ಮಂಜಾಗುವಾಗ ಗ್ಯಾಸನ್ನು ಹೊರಗೆ ತಳ್ಳುತ್ತದೆ. ಉಳಿದ ಸ್ವಲ್ಪ ದ್ರವದಲ್ಲಿ ಅಷ್ಟೂ ಗ್ಯಾಸ್ ತುಂಬಿಕೊಂಡು ಒತ್ತಡ ಏರುತ್ತದೆ, ಜೊತೆಗೆ ಮಂಜು ಹಿಗ್ಗುತ್ತದೆ. ಗಾಜಿನ ಬಾಟಲಿಯಾದರೆ ಒಡೆದೇ ಹೋಗಬಹುದು. ಅರ್ಧ ಹೆಪ್ಪುಗಟ್ಟಿದ ಬಾಟಲಿ ಕೈಗೆ ಬಂದರೆ ಅದರ ಮುಚ್ಚಳ ತೆಗೆಯಬೇಡಿ. ಪ್ಲಾಸ್ಟಿಕ್ಕಿನದಾದರೆ ಫ್ರಿಜ್‌ನ ಕೆಳಗಿನ ಭಾಗದಲ್ಲಿಟ್ಟು, ಮಂಜು ಪೂರ್ತಿ ಕರಗಿದ ಮೇಲೆ ತೆಗೆಯಿರಿ.